ಎಂಬತ್ತರ ಪಕ್ಕದಲ್ಲಿ ಐವತ್ತೈದು

ತುಮಕೂರಿನ ಬಿ.ಎಚ್. ರಸ್ತೆಯ ಸೂಪರ್ ಮಾರ್ಕೆಟ್ ಒಂದರ ಮಾಲೀಕರು ಅಂಗಡಿಯ ಹೆಸರಿನಲ್ಲೇ ರಾಗಿ ಹಿಟ್ಟು ತಂದಿದ್ದರು. ಕಿಲೋಗೆ 55 ರೂಪಾಯಿ. ಅದೇ ಕಪಾಟಿನಲ್ಲಿದ್ದ ದೊಡ್ಡ ಕಂಪನಿಯ ಹಿಟ್ಟಿಗೆ 80. ‘ಇಷ್ಟು ಕಡಿಮೆಗೆ ಕೊಟ್ಟರೂ ಹೋಗುತ್ತಿಲ್ಲವಲ್ಲ ಸಾರ್’ ಎಂದು ಸಲಹೆಗಾಗಿ ನನ್ನನ್ನು ಕರೆಸಿದರು.

ಒಂದು ಸಂಜೆ ಕಪಾಟಿನ ಬಳಿ ನಿಂತು ನೋಡಿದೆ. ಒಬ್ಬ ತಾಯಿ ಕೆಳಗಿನ ಹಲಗೆಯಿಂದ ಪೊಟ್ಟಣ ಎತ್ತಿಕೊಂಡರು, ಬೆಲೆ ನೋಡಿದರು, ಮೂಸಿದರು. ‘ಹಳೆಯ ರಾಗಿ ಇರಬೇಕು ಕಣೇ’ ಎಂದು ಮಗಳಿಗೆ ಹೇಳಿ ಅಲ್ಲಿಯೇ ಇಟ್ಟರು. ರಾಗಿಯ ನಾಡಿನಲ್ಲಿ ರಾಗಿಯ ಬೆಲೆ ಯಾರಿಗೆ ಗೊತ್ತಿಲ್ಲ? ಮೂವತ್ತು ಪರ್ಸೆಂಟ್ ಅಗ್ಗವೆಂದರೆ ಅವರಿಗೆ ಕಾಣುವುದು ಉಳಿತಾಯವಲ್ಲ, ಅನುಮಾನ.

ಲೆಕ್ಕವೂ ತಪ್ಪಿತ್ತು. ರಾಗಿ, ಕಲ್ಲು ಹೊಟ್ಟು ತೆಗೆದ ಮೇಲಿನ ನಷ್ಟ, ಬೀಸುವ ಕೂಲಿ, ಪೊಟ್ಟಣ ಎಲ್ಲ ಸೇರಿ ಕಿಲೋಗೆ 53 ರೂಪಾಯಿ ಬೀಳುತ್ತಿತ್ತು. 55ರಲ್ಲಿ ಐದು ಪರ್ಸೆಂಟ್ ಜಿಎಸ್‌ಟಿ ಹೋದರೆ ಕೈಗೆ ಬರುವುದು 52 ಚಿಲ್ಲರೆ. ಮಾರಿದಷ್ಟೂ ನಷ್ಟ, ಹೋಗದಿದ್ದದ್ದೇ ಪುಣ್ಯ!

ಬೆಲೆಯನ್ನು 68ಕ್ಕೆ ಏರಿಸಿದೆವು. ತೆರಿಗೆ ಕಳೆದು ಹನ್ನೊಂದು ರೂಪಾಯಿಗೂ ಹೆಚ್ಚು ಉಳಿಯುತ್ತದೆ. ಕಂಪನಿಯ ಪೊಟ್ಟಣದಲ್ಲಿ ಮಾಲೀಕರಿಗೆ ಸಿಗುತ್ತಿದ್ದದ್ದು ಒಂಬತ್ತು. ಆದರೆ ಬೆಲೆ ಏರಿಸಿದರೆ ಸಾಲದು, ಕೊಳ್ಳಲು ಬೇರೊಂದು ಕಾರಣ ಬೇಕು. ರಾಗಿಯನ್ನು ಸಿಪ್ಪೆ, ಮೊಳಕೆಯ ಭಾಗದ ಸಮೇತ ಬೀಸುವುದರಿಂದ ಅದರಲ್ಲಿರುವ ಕೊಬ್ಬು ದಿನ ಕಳೆದಂತೆ ಕಮಟುತ್ತದೆ, ಹಿಟ್ಟು ಕಹಿಯಾಗುತ್ತದೆ. ದೂರದಲ್ಲಿ ಬೀಸಿ, ಗೋದಾಮಿನಲ್ಲಿ ವಾರಗಟ್ಟಲೆ ಕುಳಿತು ಬರುವ ಹಿಟ್ಟಿಗೆ ಇದೊಂದು ತೊಡಕು. ಹಾಗಾಗಿ ಪೊಟ್ಟಣದ ಮುಂಭಾಗದಲ್ಲೇ, ಅಂಗಡಿಯ ಹೆಸರಿಗಿಂತ ದೊಡ್ಡದಾಗಿ, ಬೀಸಿದ ದಿನಾಂಕ ಮುದ್ರಿಸಿದೆವು. ಕಂಪನಿಯ ಹಸಿರು ಬಣ್ಣವನ್ನು ಅನುಕರಿಸಿದ್ದ ಹಳೆಯ ವಿನ್ಯಾಸವನ್ನು ಕೈಬಿಟ್ಟೆವು. ನಕಲಿನಂತೆ ಕಂಡ ಮಾಲು ತಾನೇ ಎರಡನೆಯ ದರ್ಜೆ ಎಂದು ಒಪ್ಪಿಕೊಂಡಂತೆ. ಕೆಳಗಿನ ಹಲಗೆಯಿಂದ ಕಣ್ಣಿನ ಮಟ್ಟಕ್ಕೆ, ಕಂಪನಿಯ ಹಿಟ್ಟಿನ ಬಲಕ್ಕೇ ತಂದು ನಿಲ್ಲಿಸಿದೆವು.

ದಿನಾಂಕ ಎರಡೂ ಕಡೆ ಕೊಯ್ಯುವ ಕತ್ತಿ. ಇಪ್ಪತ್ತು ದಿನ ದಾಟಿದ ಪೊಟ್ಟಣ ಕಪಾಟಿನಲ್ಲಿದ್ದರೆ ನಮ್ಮ ಮಾತೇ ನಮಗೆ ತಿರುಗುಬಾಣ. ಆದ್ದರಿಂದ ವಾರಕ್ಕೊಮ್ಮೆ, ಹೋಗುವಷ್ಟೇ ಬೀಸಬೇಕು.

ಮೊದಲ ತಿಂಗಳ ಮಾರಾಟವನ್ನು ನಾನು ನಂಬುವುದಿಲ್ಲ. ಕುತೂಹಲಕ್ಕೆ ಒಮ್ಮೆ ಕೊಳ್ಳುವವರು ಇದ್ದೇ ಇರುತ್ತಾರೆ. ಬಿಲ್ಲಿನಲ್ಲಿರುವ ಮೊಬೈಲ್ ಸಂಖ್ಯೆ ಹಿಡಿದು, ಅದೇ ಮನೆಯವರು ಮತ್ತೆ ಕೊಂಡರೇ ಎಂದು ನೋಡುತ್ತೇನೆ. ಇಲ್ಲಿ ಕೊಂಡಿದ್ದರು. ವಿಚಿತ್ರವೆಂದರೆ ಕಂಪನಿಯ ಹಿಟ್ಟಿನ ಮಾರಾಟ ಹೆಚ್ಚೇನೂ ಇಳಿದಿರಲಿಲ್ಲ. ವಿಚಾರಿಸಿದರೆ, ಹೊಸ ಗಿರಾಕಿಗಳಲ್ಲಿ ಬಹಳ ಮಂದಿ ಅಲ್ಲಿಯವರೆಗೆ ಬೀದಿಯ ಗಿರಣಿಯಲ್ಲಿ ಬೀಸಿಸಿಕೊಳ್ಳುತ್ತಿದ್ದವರು.

ಹುರುಪಿನಲ್ಲಿ ಮಾಲೀಕರು ಟೂತ್‌ಪೇಸ್ಟ್ ಮಾಡಿಸೋಣವೇ ಎಂದರು. ಬೇಡವೆಂದೆ. ಮೂಸಿ, ಮುಟ್ಟಿ ಅಳೆಯಲಾಗದ ಮಾಲಿನಲ್ಲಿ ಜನ ಜಾಹೀರಾತನ್ನೇ ನಂಬುತ್ತಾರೆ. ಅಲ್ಲಿ ನಮಗೆ ಹೇಳಲು ಬೀಸಿದ ದಿನಾಂಕದಂಥದ್ದು ಏನೂ ಇಲ್ಲ.

ಈಗ ಉಳಿದಿರುವುದು ಬುಧವಾರದ ಜಗಳ. ಅಂದು ಕಂಪನಿಯ ಸೇಲ್ಸ್ ಹುಡುಗ ಮಾಲು ಜೋಡಿಸಲು ಬಂದು, ಹೋಗುವ ಮೊದಲು ನಮ್ಮ ಪೊಟ್ಟಣಗಳನ್ನು ಸದ್ದಿಲ್ಲದೆ ಕೆಳಗಿನ ಹಲಗೆಗೆ ಇಳಿಸುತ್ತಾನೆ. ಗುರುವಾರ ಬೆಳಿಗ್ಗೆ ಅಂಗಡಿಯ ಹುಡುಗ ಮತ್ತೆ ಮೇಲೆತ್ತುತ್ತಾನೆ.