ಶಾಕ್ ಕೊಟ್ಟ ಮೇಲೆ ನಾಡಿ ನೋಡಬೇಕೇ?

ಪಿಜಿ ಪ್ರವೇಶಕ್ಕೆ ಓದುವ ವೈದ್ಯರಿಗೂ ಸ್ಟಾಫ್ ನರ್ಸ್ ಪರೀಕ್ಷೆ ಬರೆಯುವವರಿಗೂ ನಾನು ಪಾಠದಲ್ಲಿ ಕೊಡುವ ಪ್ರಶ್ನೆ ಒಂದೇ. 55 ವರ್ಷದವರೊಬ್ಬರು ಎದೆನೋವೆಂದು ಕ್ಯಾಶುಯಲ್ಟಿಗೆ ಬಂದು ಅಲ್ಲೇ ಕುಸಿದರು. ಕರೆದರೆ ಓಗೊಡುತ್ತಿಲ್ಲ, ಉಸಿರಿಲ್ಲ, ನಾಡಿ ಸಿಗುತ್ತಿಲ್ಲ. ಮಾನಿಟರ್‌ನಲ್ಲಿ ವೆಂಟ್ರಿಕ್ಯುಲರ್ ಫಿಬ್ರಿಲೇಶನ್, ಅಂದರೆ ವಿಎಫ್. ಒಂದು ಶಾಕ್ ಕೊಟ್ಟಾಗಿದೆ. ಮುಂದೇನು? ನಾಡಿ ನೋಡುವುದೋ, ಅಡ್ರಿನಲಿನ್ ಕೊಡುವುದೋ, ಅಮಿಯೋಡರೋನ್ ಕೊಡುವುದೋ, ಎದೆ ಒತ್ತುವುದೋ?

ಬಹಳ ಮಂದಿ ನಾಡಿ ಎನ್ನುತ್ತಾರೆ. ಶಾಕ್ ಕೆಲಸ ಮಾಡಿತೋ ಇಲ್ಲವೋ ನೋಡಬೇಕೆಂಬ ಆತುರ ಸಹಜ. ಸರಿಯುತ್ತರ ಎದೆ ಒತ್ತುವುದು, ಅದೂ ತಕ್ಷಣ. ಶಾಕ್ ವಿಎಫ್ ನಿಲ್ಲಿಸಿದರೂ ಹೃದಯ ಆ ಕ್ಷಣಕ್ಕೇ ರಕ್ತ ತಳ್ಳುವಷ್ಟು ಚೇತರಿಸಿಕೊಂಡಿರುವುದಿಲ್ಲ. ಆದ್ದರಿಂದ ಎರಡು ನಿಮಿಷ ಒತ್ತಿ, ಆಮೇಲೆ ಮಾನಿಟರ್ ನೋಡಬೇಕು. ನಾಡಿ ಇರಬಹುದಾದ ಲಯ ಕಂಡರೆ ಮಾತ್ರ ಕತ್ತಿನಲ್ಲಿ ಬೆರಳಿಡಬೇಕು, ಅದಕ್ಕೂ ಹತ್ತು ಸೆಕೆಂಡಿಗಿಂತ ಹೆಚ್ಚು ಕೊಡಬಾರದು.

30:2 ಅನುಪಾತದ ಹಿಂದೆಯೂ ಇದೇ ತರ್ಕವಿದೆ. ಒತ್ತುತ್ತಾ ಹೋದಂತೆ ಹೃದಯದ ಸ್ವಂತ ರಕ್ತನಾಳಗಳಲ್ಲಿ ಒತ್ತಡ ಮೆಲ್ಲಗೆ ಏರುತ್ತದೆ. ಕೈ ತೆಗೆದ ಕೂಡಲೇ ಅದು ಇಳಿದುಹೋಗುತ್ತದೆ. ಮತ್ತೆ ಆ ಮಟ್ಟ ಮುಟ್ಟಲು ಹಲವು ಒತ್ತುಗಳು ಬೇಕು. ಅದಕ್ಕೇ ವಯಸ್ಕರಿಗೆ ಮೂವತ್ತು ಒತ್ತು, ಎರಡೇ ಉಸಿರು. ನಿಮಿಷಕ್ಕೆ 100ರಿಂದ 120ರ ವೇಗ, 5ರಿಂದ 6 ಸೆಂಟಿಮೀಟರ್ ಆಳ. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೆ ಬರಬೇಕು. ದಣಿದವರು ಎದೆಯ ಮೇಲೆ ಭಾರ ಬಿಟ್ಟೇ ನಿಂತಿರುತ್ತಾರೆ, ಆಗ ಹೃದಯ ತುಂಬಿಕೊಳ್ಳುವುದಿಲ್ಲ. ಎರಡು ನಿಮಿಷಕ್ಕೊಮ್ಮೆ ಒತ್ತುವವರನ್ನು ಬದಲಾಯಿಸುವುದು ಇದಕ್ಕಾಗಿ.

ಮಕ್ಕಳಲ್ಲಿ ಹೃದಯ ನಿಲ್ಲಲು ಹೆಚ್ಚಾಗಿ ಉಸಿರಿನ ತೊಂದರೆಯೇ ಕಾರಣ. ಹಾಗಾಗಿ ಸಿಬ್ಬಂದಿ ಇಬ್ಬರಿದ್ದರೆ 15:2. ಒಬ್ಬರೇ ಇದ್ದರೆ ಮಗುವಿಗೂ 30:2. ಪ್ರಶ್ನೆಯಲ್ಲಿ ‘ಒಬ್ಬರೇ’ ಎಂಬ ಮಾತು ಇದೆಯೇ ಎಂದು ಹುಡುಕಿ, ಅಂಕ ಹೋಗುವುದು ಅಲ್ಲೇ. ಆಗಷ್ಟೇ ಹುಟ್ಟಿದ ಶಿಶುವಿಗೆ 3:1. ಶ್ವಾಸನಾಳಕ್ಕೆ ಟ್ಯೂಬ್ ಹಾಕಿದ ವಯಸ್ಕರಲ್ಲಿ ಅನುಪಾತವೇ ಇಲ್ಲ. ಒತ್ತುವುದು ನಿಲ್ಲದೆ ಸಾಗುತ್ತದೆ, ಆರು ಸೆಕೆಂಡಿಗೊಂದು ಉಸಿರು ಕೊಟ್ಟರೆ ಸಾಕು.

ನಮ್ಮ ರೋಗಿಗೆ ಮರಳೋಣ. ಎರಡು ನಿಮಿಷ ಕಳೆಯಿತು, ಅಷ್ಟರಲ್ಲಿ ಐವಿ ಲೈನ್ ಹಾಕಿದ್ದೇವೆ. ಮಾನಿಟರ್‌ನಲ್ಲಿ ಇನ್ನೂ ವಿಎಫ್. ಎರಡನೇ ಶಾಕ್, ಕೂಡಲೇ ಒತ್ತುವಿಕೆ, ಅದು ನಡೆಯುತ್ತಿರುವಾಗಲೇ ಅಡ್ರಿನಲಿನ್ 1 ಮಿ.ಗ್ರಾಂ. ಕೈಯಲ್ಲಿ ಕೊಟ್ಟ ಔಷಧಿ ಹೃದಯ ತಲುಪಲು 20 ಮಿ.ಲೀ. ಸಲೈನ್ ತಳ್ಳಿ ಕೈಯನ್ನು ಎತ್ತಿ ಹಿಡಿಯಬೇಕು. ಮೂರನೇ ಸಲವೂ ವಿಎಫ್ ಇದ್ದರೆ ಮೂರನೇ ಶಾಕ್, ಆಮೇಲೆ ಅಮಿಯೋಡರೋನ್ 300 ಮಿ.ಗ್ರಾಂ. ಮತ್ತೂ ಬೇಕಾದರೆ ಎರಡನೇ ಸಲ 150. ಅಡ್ರಿನಲಿನ್ ಮೂರರಿಂದ ಐದು ನಿಮಿಷಕ್ಕೊಮ್ಮೆ ಮುಂದುವರಿಯುತ್ತದೆ. ಇದು ಅಮೆರಿಕನ್ ಹಾರ್ಟ್ ಅಸೋಸಿಯೇಶನ್‌ನ ಕ್ರಮ. ಯುರೋಪಿನವರು ಮೊದಲ ಅಡ್ರಿನಲಿನ್ನನ್ನೂ ಮೂರನೇ ಶಾಕ್‌ನ ನಂತರವೇ ಕೊಡುತ್ತಾರೆ. ಎರಡು ಪುಸ್ತಕ ಓದಿ ಗೊಂದಲವಾಗುವುದು ಇಲ್ಲಿ.

ಅದೇ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ. ರೋಗಿ ಡಯಾಲಿಸಿಸ್‌ನವರು, ಎರಡು ಸರದಿ ತಪ್ಪಿಸಿದ್ದಾರೆ. ಮಾನಿಟರ್‌ನಲ್ಲಿ ಅಗಲವಾದ, ನಿಧಾನವಾದ, ಆದರೆ ಕ್ರಮವಾದ ಗೆರೆ. ನಾಡಿ ಇಲ್ಲ. ಇದು ಪಿಇಎ, ಅಂದರೆ ವಿದ್ಯುತ್ ಓಡುತ್ತಿದೆ, ರಕ್ತ ಓಡುತ್ತಿಲ್ಲ. ಶಾಕ್‌ನಿಂದ ಏನೂ ಆಗದು. ಅಮಿಯೋಡರೋನ್‌ಗೆ ಇಲ್ಲಿ ಕೆಲಸವಿಲ್ಲ. ಗೆರೆ ನಿಧಾನವಾಗಿದೆಯೆಂದು ಅಟ್ರೋಪಿನ್ ಆರಿಸುವವರಿದ್ದಾರೆ. ಅದು ನಾಡಿ ಇರುವ ನಿಧಾನ ಬಡಿತಕ್ಕೆ ಕೊಡುವ ಔಷಧಿ, ಹೃದಯಸ್ತಂಭನದ ಪಟ್ಟಿಯಿಂದ ಅದನ್ನು 2010ರಲ್ಲೇ ಕೈಬಿಡಲಾಗಿದೆ. ಇಲ್ಲಿ ಅಡ್ರಿನಲಿನ್ ಎರಡನೇ ಸುತ್ತಿಗೆ ಕಾಯುವುದಿಲ್ಲ, ಲೈನ್ ಸಿಕ್ಕ ಕೂಡಲೇ ಹೋಗಬೇಕು.

ಆದರೆ ಈ ರೋಗಿಯನ್ನು ಅಡ್ರಿನಲಿನ್ ಒಂದೇ ಉಳಿಸಲಾರದು. ಪಿಇಎ ಕಂಡಾಗಲೆಲ್ಲ ಕಾರಣ ಹುಡುಕಬೇಕು: ರಕ್ತಸ್ರಾವವೇ, ಆಮ್ಲಜನಕದ ಕೊರತೆಯೇ, ಎದೆಗೂಡಿನಲ್ಲಿ ಗಾಳಿ ಸಿಕ್ಕಿಕೊಂಡಿದೆಯೇ, ಹೃದಯದ ಸುತ್ತ ರಕ್ತ ತುಂಬಿದೆಯೇ. ಡಯಾಲಿಸಿಸ್ ತಪ್ಪಿಸಿದವರಲ್ಲಿ ಮೊದಲ ಅನುಮಾನ ಪೊಟ್ಯಾಸಿಯಂ ಏರಿಕೆ. ಲ್ಯಾಬ್ ವರದಿಗೆ ಕಾಯದೆ ಕ್ಯಾಲ್ಸಿಯಂ ಕೊಡಬೇಕು. ಶೇ. 10ರ ಕ್ಯಾಲ್ಸಿಯಂ ಕ್ಲೋರೈಡ್ ಇದ್ದರೆ 10 ಮಿ.ಲೀ., ಗ್ಲುಕೊನೇಟ್ ಇದ್ದರೆ 30 ಮಿ.ಲೀ.ವರೆಗೆ, ಏಕೆಂದರೆ ಅದರಲ್ಲಿ ಕ್ಯಾಲ್ಸಿಯಂ ಮೂರನೇ ಒಂದು ಪಾಲು ಮಾತ್ರ. ಸೋಡಾಬೈಕಾರ್ಬ್ ಕೊಡುವುದಾದರೆ ನಡುವೆ ಲೈನ್ ತೊಳೆಯಿರಿ, ಎರಡೂ ಒಂದೇ ಲೈನಿನಲ್ಲಿ ಸೇರಿದರೆ ಸುಣ್ಣದಂತೆ ಗಟ್ಟಿಯಾಗುತ್ತವೆ. ಕ್ಯಾಲ್ಸಿಯಂ ಹೃದಯಕ್ಕೆ ರಕ್ಷಣೆ ಕೊಡುತ್ತದೆಯೇ ಹೊರತು ಪೊಟ್ಯಾಸಿಯಂ ಇಳಿಸುವುದಿಲ್ಲ. ನಾಡಿ ಮರಳಿದರೆ ಇನ್ಸುಲಿನ್-ಗ್ಲೂಕೋಸ್ ಶುರುಮಾಡಿ, ಡಯಾಲಿಸಿಸ್ ಯೂನಿಟ್‌ಗೆ ಕರೆ ಮಾಡಿ.