ವಿಮಾನ ನಿರ್ವಹಣಾ ಎಂಜಿನಿಯರ್ ರೆಸ್ಯೂಮೆ: ಸಹಿಯ ಅಧಿಕಾರದ ಹಿನ್ನೆಲೆ

ವಿಮಾನ ನಿರ್ವಹಣಾ ಎಂಜಿನಿಯರ್ ಒಬ್ಬರ ರೆಸ್ಯೂಮೆಯಲ್ಲಿ ಪದವಿಗಿಂತ ಮೊದಲು ಪರವಾನಗಿಯ ವರ್ಗವನ್ನು ನೋಡುತ್ತಾರೆ. ದುರಸ್ತಿಯ ನಂತರ ವಿಮಾನ ಹಾರಾಟಕ್ಕೆ ಯೋಗ್ಯವೆಂದು ಸಹಿ ಹಾಕುವ ಅಧಿಕಾರ ಆ ವರ್ಗದಿಂದಲೇ ಬರುತ್ತದೆ.

ಭಾರತದಲ್ಲಿ ಹಿಂದೆ ವಿಮಾನದ ಒಡಲು, ಎಂಜಿನ್, ವಿದ್ಯುತ್, ರೇಡಿಯೊ ಹೀಗೆ ಬಿಡಿಬಿಡಿ ವರ್ಗಗಳಿದ್ದವು. 2010ರ ದಶಕದ ಆರಂಭದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಯುರೋಪಿನ ಮಾದರಿಯ ಸಿಎಆರ್-66 ನಿಯಮಗಳನ್ನು ತಂದಿತು. ಬಿ1 ವರ್ಗಕ್ಕೆ ಒಡಲು, ಎಂಜಿನ್ ಮತ್ತು ವಿದ್ಯುತ್ ವ್ಯವಸ್ಥೆಗಳು ಸೇರಿದವು, ಬಿ2ಗೆ ಏವಿಯಾನಿಕ್ಸ್, ಅಂದರೆ ವಿಮಾನದ ಎಲೆಕ್ಟ್ರಾನಿಕ್ ವ್ಯವಸ್ಥೆಗಳು, ಸೇರಿತು. ಹಳೆಯ ಪರವಾನಗಿಯನ್ನು ಬದಲಾಯಿಸಿಕೊಂಡವರಿಗೆ ಕೆಲವು ವ್ಯವಸ್ಥೆಗಳನ್ನು ಹೊರತುಪಡಿಸುವ ಮಿತಿಗಳು ನಮೂದಾಗಿರಬಹುದು. ರೆಸ್ಯೂಮೆಯಲ್ಲಿ ಅವನ್ನು ಬಿಟ್ಟರೆ ಅರ್ಧಸತ್ಯ ಹೇಳಿದಂತಾಗುತ್ತದೆ.

ವಿಮಾನದ ಮಾದರಿಯಲ್ಲೂ ಇಷ್ಟೇ ನಿಖರತೆ ಬೇಕು. 'ಎ320ಯಲ್ಲಿ ಅನುಭವ' ಎಂದಷ್ಟೇ ಬರೆದರೆ ಸಾಲದು. ಸಿಎಫ್‌ಎಂ56 ಎಂಜಿನ್ನಿನ ಎ320ಗೆ ಇರುವ ಅನುಮೋದನೆ, ಪಿಡಬ್ಲ್ಯು1100ಜಿ ಎಂಜಿನ್ನಿನ ಹೊಸ ಆವೃತ್ತಿಯಾದ ಎ320 ನಿಯೋಗೆ ತಾನಾಗಿ ಅನ್ವಯಿಸುವುದಿಲ್ಲ. ಕಳೆದ ಎರಡು ವರ್ಷಗಳಲ್ಲಿ ಕನಿಷ್ಠ ಆರು ತಿಂಗಳ ನಿರ್ವಹಣಾ ಅನುಭವವನ್ನೂ ನಿಯಮ ಕೇಳುವುದರಿಂದ, ಪ್ರತಿ ಮಾದರಿಯ ಎದುರು ಕೊನೆಯದಾಗಿ ಕೆಲಸ ಮಾಡಿದ ಅವಧಿಯನ್ನು ಬರೆಯುವುದು ಒಳ್ಳೆಯದು.

ಹೆಚ್ಚು ಗೊಂದಲವಿರುವುದು ತಪಾಸಣೆಗಳ ಭಾಗದಲ್ಲಿ. 'ಸಿ-ಚೆಕ್ ನಡೆಸಿದ್ದೇನೆ' ಎಂಬ ಸಾಲನ್ನೇ ನೋಡಿ. ಹ್ಯಾಂಗರ್‌ನ ಇಂತಹ ದೊಡ್ಡ ತಪಾಸಣೆಯಲ್ಲಿ ಬಿ1, ಬಿ2 ಎಂಜಿನಿಯರ್‌ಗಳು ತಮ್ಮ ತಮ್ಮ ಕೆಲಸ ಪೂರ್ಣಗೊಂಡಿದೆ ಎಂದು ದೃಢೀಕರಿಸುತ್ತಾರೆ, ಇಡೀ ವಿಮಾನವನ್ನು ಸೇವೆಗೆ ಬಿಡುಗಡೆ ಮಾಡುವ ಅಂತಿಮ ಸಹಿ ಸಿ ವರ್ಗದ ಪರವಾನಗಿ ಇರುವವರದು. ಆದ್ದರಿಂದ 'ಸಿ-ಚೆಕ್‌ನಲ್ಲಿ ಬಿ1 ಬೆಂಬಲ ಸಿಬ್ಬಂದಿ, ಲ್ಯಾಂಡಿಂಗ್ ಗೇರ್ ಕೆಲಸಗಳ ದೃಢೀಕರಣ' ಎಂದು ಬರೆದರೆ ಪಾತ್ರ ಸ್ಪಷ್ಟವಾಗುತ್ತದೆ.

ಸುರಕ್ಷತಾ ದಾಖಲೆಯನ್ನು ಅಪಘಾತವಿಲ್ಲದ ವರ್ಷಗಳಿಂದ ಮಾತ್ರ ಅಳೆಯಲಾಗದು ಎಂಬುದಕ್ಕೆ 1990ರ ಜೂನ್ 10ರ ಘಟನೆ ಸಾಕ್ಷಿ. ಅಂದು ಬರ್ಮಿಂಗ್‌ಹ್ಯಾಮ್‌ನಿಂದ ಹೊರಟ ಬ್ರಿಟಿಷ್ ಏರ್‌ವೇಸ್‌ನ ಬಿಎಸಿ ಒನ್-ಇಲೆವೆನ್ ವಿಮಾನದ ಕಾಕ್‌ಪಿಟ್‌ನ ಮುಂಭಾಗದ ಗಾಜು ಆಕಾಶದಲ್ಲೇ ಕಿತ್ತುಹೋಗಿ, ಕ್ಯಾಪ್ಟನ್ ದೇಹ ಅರ್ಧ ಹೊರಗೆ ಸೆಳೆಯಲ್ಪಟ್ಟಿತು, ಅವರು ಬದುಕುಳಿದರು. ಹಾರಾಟಕ್ಕೆ ಸ್ವಲ್ಪ ಮುಂಚೆ ಬದಲಾಯಿಸಿದ್ದ ಆ ಗಾಜಿನ 90 ಬೋಲ್ಟ್‌ಗಳಲ್ಲಿ 84ರ ವ್ಯಾಸ ಬೇಕಾದುದಕ್ಕಿಂತ ಕಡಿಮೆಯಿತ್ತು. ಅನುಭವಿ ಮೇಲ್ವಿಚಾರಕರು ಬಿಡಿಭಾಗಗಳ ಪಟ್ಟಿಯನ್ನು ನೋಡದೆ, ಹಳೆಯ ಬೋಲ್ಟ್‌ಗೆ ಹೋಲಿಸಿ ಹೊಸದನ್ನು ಆರಿಸಿದ್ದರು. ಕೆಲಸ ಮಾಡಿ ದೃಢೀಕರಿಸಿದವರೂ ಅವರೇ, ಇನ್ನೊಬ್ಬರ ಪರಿಶೀಲನೆ ನಡೆದಿರಲಿಲ್ಲ.

ಇಂತಹ ಘಟನೆಗಳ ಬಳಿಕ, ಮನುಷ್ಯರಿಂದಾಗುವ ತಪ್ಪುಗಳನ್ನು ಅರಿತು ತಡೆಯಲು ಕಲಿಸುವ ಮಾನವ ಅಂಶಗಳ ತರಬೇತಿಗೆ ಒತ್ತು ಬಂದು, ಭಾರತದ ಪರವಾನಗಿ ಪರೀಕ್ಷೆಯಲ್ಲೂ ಅದು ಪ್ರತ್ಯೇಕ ವಿಷಯವಾಗಿದೆ. ನನ್ನ ಮಟ್ಟಿಗೆ 'ಶೂನ್ಯ ಅಪಘಾತ' ಎಂಬ ಸಾಲಿನ ಜಾಗದಲ್ಲಿ, ಆ ತರಬೇತಿಯನ್ನು ಕೊನೆಯದಾಗಿ ಪಡೆದ ದಿನಾಂಕ, ಯಾವ ಕೆಲಸಗಳಲ್ಲಿ ಎರಡನೆಯವರಾಗಿ ಸ್ವತಂತ್ರ ಪರಿಶೀಲನೆ ಮಾಡಿದ್ದು, ಯಾವ ಬಗೆಯ ದೋಷಗಳನ್ನು ತಾವಾಗಿಯೇ ವರದಿ ಮಾಡಿದ್ದು ಎಂಬ ವಿವರಗಳಿರಬೇಕು. ಸಂದರ್ಶಕರು ಇವನ್ನು ಲಾಗ್‌ಬುಕ್ ಜೊತೆ ಹೋಲಿಸಿ ನೋಡಬಹುದು.