ತುಂಡಿನ ಉದ್ದ ಮತ್ತು ಓವರ್‌ಲ್ಯಾಪ್: 48 ಗಂಟೆ ಎಲ್ಲಿ ಕಳೆದುಹೋಯಿತು

ಮೂರು ದಿನ ತಲೆ ತಿಂದ ವಿಷಯವಿದು. ಮರೆಯುವ ಮುನ್ನ ಬರೆದಿಡುತ್ತಿದ್ದೇನೆ. ರ‍್ಯಾಗ್ ಎಂದರೇನು, ಎಂಬೆಡಿಂಗ್ ಎಂದರೇನು ಎಂಬುದು ನಿಮಗೆ ಗೊತ್ತಿದೆ ಎಂದುಕೊಂಡು ನೇರವಾಗಿ ತೊಡಕಿಗೆ ಬರುತ್ತೇನೆ.

ಮಾಹಿತಿ ಹಕ್ಕು ಕಾಯ್ದೆ, 2005ರ ಸರಳ ಕನ್ನಡ ಸಾರಾಂಶವೊಂದನ್ನು ತುಂಡು ಮಾಡಿ ಹುಡುಕಾಟಕ್ಕೆ ಹಾಕಿದ್ದೆ. ಕೇಳಿದ ಪ್ರಶ್ನೆ: ‘ವ್ಯಕ್ತಿಯ ಜೀವಕ್ಕೆ ಸಂಬಂಧಿಸಿದ ಮಾಹಿತಿಯನ್ನು ಎಷ್ಟು ಸಮಯದೊಳಗೆ ಕೊಡಬೇಕು?’ ಸರಿಯುತ್ತರ 48 ಗಂಟೆ. ನನಗೆ ಬಂದದ್ದು 30 ದಿನ. ಮಾಡೆಲ್ ಸುಳ್ಳು ಹೇಳುತ್ತಿದೆ ಎಂದು ಒಂದಿಡೀ ಸಂಜೆ ಪ್ರಾಂಪ್ಟ್ ತಿದ್ದುತ್ತ ಕುಳಿತೆ. ಅದರ ಕೈಗೆ ಹೋದ ತುಂಡನ್ನು ಪ್ರಿಂಟ್ ಮಾಡಿ ನೋಡಿದ ಮೇಲೆ ತಿಳಿಯಿತು: ಮಾಡೆಲ್ ತನ್ನ ಮುಂದಿದ್ದುದನ್ನೇ ಹೇಳಿತ್ತು.

ಕಾಯ್ದೆಯ 7(1)ನೇ ಪ್ರಕರಣದ ಸಾರ ನನ್ನ ಕಡತದಲ್ಲಿ ಹೀಗಿತ್ತು. ನಿಯಮ: ‘ಕೋರಿಕೆ ತಲುಪಿದ 30 ದಿನಗಳೊಳಗೆ ಅಧಿಕಾರಿಯು ಮಾಹಿತಿ ಕೊಡಬೇಕು ಇಲ್ಲವೇ ಕಾರಣ ಹೇಳಿ ನಿರಾಕರಿಸಬೇಕು.’ ಹನ್ನೊಂದು ಪದ. ಅದರ ಬೆನ್ನಿಗೇ ಪರಂತು: ‘ಪರಂತು, ಕೋರಿದ ಮಾಹಿತಿಯು ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಾದರೆ, ಅದನ್ನು ಕೋರಿಕೆ ತಲುಪಿದ 48 ಗಂಟೆಗಳೊಳಗೆ ಒದಗಿಸತಕ್ಕದ್ದು.’ ಹದಿನಾಲ್ಕು ಪದ.

ತುಂಡಿನ ಉದ್ದ 60 ಪದ, ಓವರ್‌ಲ್ಯಾಪ್ ಸೊನ್ನೆ. ಲೆಕ್ಕ ಸುಲಭವಾಗಲೆಂದು ಕಡತದ ಆರಂಭದಿಂದ ಎಣಿಸುವ ಬದಲು, ಈ ವಾಕ್ಯಗಳಿದ್ದ ತುಂಡಿನ ಮೊದಲ ಪದವನ್ನೇ 1 ಎಂದಿಟ್ಟುಕೊಂಡು, ಓವರ್‌ಲ್ಯಾಪ್ ಎಷ್ಟೇ ಇದ್ದರೂ ಅಲ್ಲಿಂದಲೇ ಕತ್ತರಿಸಲು ಶುರುಮಾಡಿದಂತೆ ಎಣಿಸುತ್ತೇನೆ. ನಿಯಮ 42ರಿಂದ 52ನೇ ಪದದವರೆಗೆ, ಪರಂತು 53ರಿಂದ 66ರವರೆಗೆ. ಕತ್ತರಿ ಬಿದ್ದದ್ದು 60ರ ನಂತರ, ಅಂದರೆ ‘ಸಂಬಂಧಿಸಿದ್ದಾದರೆ’ ಎಂಬಲ್ಲಿ. ಮೊದಲ ತುಂಡಿನಲ್ಲಿ 30 ದಿನವೂ ಇದೆ, ಜೀವವೂ ಸ್ವಾತಂತ್ರ್ಯವೂ ಇವೆ. ಎರಡನೆಯದು ‘ಅದನ್ನು ಕೋರಿಕೆ ತಲುಪಿದ 48 ಗಂಟೆಗಳೊಳಗೆ’ ಎಂದು ಶುರುವಾಗುತ್ತದೆ. ‘ಅದನ್ನು’ ಎಂದರೆ ಯಾವುದನ್ನು? ಆ ತುಂಡಿಗೆ ಗೊತ್ತಿಲ್ಲ. ಜೀವದ ಬಗ್ಗೆ ಕೇಳಿದ ಪ್ರಶ್ನೆಗೆ ಮೊದಲ ತುಂಡೇ ಹತ್ತಿರ. ಆ ತುಂಡಿನಲ್ಲಿರುವ ಗಡುವು ಒಂದೇ, 30 ದಿನ.

ಕನ್ನಡದಲ್ಲಿ ಇದು ಇನ್ನಷ್ಟು ನೋಯಿಸುತ್ತದೆ ಎಂದು ನನ್ನ ಅನಿಸಿಕೆ. ನಮ್ಮ ಕ್ರಿಯಾಪದ ವಾಕ್ಯದ ಬಾಲದಲ್ಲಿರುತ್ತದೆ. ಕೊಡಬೇಕೋ ಕೊಡಬಾರದೋ ಎಂಬುದು ಕೊನೆಯ ಪದದಲ್ಲಿ ಗೊತ್ತಾಗುವುದರಿಂದ, ಬಾಲ ಕತ್ತರಿಸಿದರೆ ಷರತ್ತು ಉಳಿದು ತೀರ್ಪು ಹೋಗುತ್ತದೆ.

ನಾನು ಎಡವಿದ ಜಾಗ

ಓವರ್‌ಲ್ಯಾಪ್ ಎಂದರೆ ಎರಡು ತುಂಡುಗಳನ್ನು ಸೇರಿಸುವ ಹೊಲಿಗೆ ಎಂದುಕೊಂಡಿದ್ದೆ. ಸ್ವಲ್ಪ ಓವರ್‌ಲ್ಯಾಪ್ ಇದ್ದರೆ ಹುಡುಕಾಟಕ್ಕೆ ಪಕ್ಕದ ತುಂಡಿನ ನಂಟು ತಿಳಿಯುತ್ತದೆ ಎಂಬ ಭ್ರಮೆ. ಅಂಥ ನಂಟು ಯಾವುದೂ ಇಲ್ಲ. ಒಂದಿಷ್ಟು ಪದಗಳನ್ನು ಎರಡು ಸಲ ಬರೆಯುತ್ತೇವೆ, ಅಷ್ಟೇ. ಪ್ರತಿ ತುಂಡಿಗೂ ಪ್ರತ್ಯೇಕ ವೆಕ್ಟರ್, ಪಕ್ಕದವರು ಯಾರೆಂದು ಯಾವುದಕ್ಕೂ ತಿಳಿಯದು.

```python
def tundu(words, size, overlap):
    step = size - overlap
    return [words[i:i+size]
            for i in range(0, len(words) - overlap, step)]
```

ಇಲ್ಲಿ ಕಣ್ಣಿಡಬೇಕಾದದ್ದು `step`. ತುಂಡುಗಳು ಶುರುವಾಗುವ ಜಾಗಗಳ ನಡುವಿನ ಅಂತರ ಅದು. ಓವರ್‌ಲ್ಯಾಪ್ 3 ಎಂದಿಟ್ಟರೆ ಹೆಜ್ಜೆ 57, ಎರಡನೆಯ ತುಂಡು 58ನೇ ಪದದಿಂದ ಶುರು: ‘ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಾದರೆ…’ 48 ಗಂಟೆ ಇದೆ, ‘ಜೀವ’ ಇಲ್ಲ. ಓವರ್‌ಲ್ಯಾಪ್ 15 ಮಾಡಿದರೆ ಹೆಜ್ಜೆ 45, ತುಂಡು 46ರಿಂದ 105ರವರೆಗೆ. ಈಗ ಪರಂತು ಇಡಿಯಾಗಿ ಒಳಗಿದೆ.

ಎಷ್ಟು ಓವರ್‌ಲ್ಯಾಪ್ ಇದ್ದರೆ ಒಂದು ವಾಕ್ಯ ಖಂಡಿತ ಉಳಿಯುತ್ತದೆ? ಇದನ್ನು ಕಾಗದದ ಮೇಲೆ ಗೆರೆ ಎಳೆದು ನೋಡಿ. ನಾನು ನಾಲ್ಕು ಸಲ ಎಳೆದೆ. ಅತಿ ಕೆಟ್ಟ ಸ್ಥಿತಿ ಎಂದರೆ ವಾಕ್ಯವು ಮುಂದಿನ ತುಂಡು ಶುರುವಾಗುವುದಕ್ಕೆ ಒಂದೇ ಪದ ಮೊದಲು ಆರಂಭವಾಗುವುದು. ಆಗ ಮುಂದಿನ ತುಂಡಿಗೆ ಅದರ ಮೊದಲ ಪದ ಸಿಗುವುದಿಲ್ಲ, ಹಾಗಾಗಿ ಹಿಂದಿನ ತುಂಡೇ ಪೂರ್ತಿ ಹಿಡಿಯಬೇಕು. ಹಿಂದಿನ ತುಂಡಿನಲ್ಲಿ ಉಳಿದಿರುವ ಜಾಗವೆಂದರೆ ಆ ಒಂದು ಪದ, ಅದರ ಮೇಲೆ ಓವರ್‌ಲ್ಯಾಪ್. ಆದ್ದರಿಂದ ವಾಕ್ಯದ ಉದ್ದವು ಓವರ್‌ಲ್ಯಾಪ್‌ಗಿಂತ ಒಂದು ಪದದಷ್ಟು ಹೆಚ್ಚಿದ್ದರೂ ಭಯವಿಲ್ಲ, ಅದಕ್ಕೂ ಉದ್ದವಾದರೆ ಅದೃಷ್ಟದ ಮಾತು. ನಮ್ಮ ಹದಿನಾಲ್ಕು ಪದಗಳ ಪರಂತುವಿಗೆ 13 ಸಾಕು. ನಿಯಮ, ಪರಂತು ಎರಡೂ ಸೇರಿ 25 ಪದ ಒಟ್ಟಿಗೇ ಬೇಕೆಂದರೆ 24 ಬೇಕು. ‘ಉದ್ದದ ಶೇ 10 ಅಥವಾ 20 ಇಡಿ’ ಎಂಬ ಸೂತ್ರ ನನಗೆ ಹಿಡಿಸದಿರುವುದು ಇದಕ್ಕೇ. ಓವರ್‌ಲ್ಯಾಪ್ ಎಷ್ಟಿರಬೇಕೆಂದು ಹೇಳಬೇಕಾದದ್ದು ಒಟ್ಟಿಗೆ ಉಳಿಯಬೇಕಾದ ಮಾತಿನ ಉದ್ದ. ತುಂಡಿನ ಉದ್ದಕ್ಕೆ ಅದರಲ್ಲಿ ಹೆಚ್ಚಿನ ಪಾತ್ರವಿಲ್ಲ.

ಇದಕ್ಕೆ ತೆರುವ ಬೆಲೆ ತುಂಡುಗಳ ಸಂಖ್ಯೆ. ಹತ್ತು ಸಾವಿರ ಪದಗಳ ಕಡತ, 60 ಪದಗಳ ತುಂಡು: ಓವರ್‌ಲ್ಯಾಪ್ ಇಲ್ಲದಿದ್ದರೆ 167, 15 ಇದ್ದರೆ 222, 24 ಇದ್ದರೆ 278. ಅಂದ ಹಾಗೆ, ರ‍್ಯಾಗ್ ಎಂಬ ಹೆಸರು ತಂದ 2020ರ ಪ್ರಬಂಧದಲ್ಲಿ ಓವರ್‌ಲ್ಯಾಪ್ ಇರಲೇ ಇಲ್ಲ. ಇಂಗ್ಲಿಷ್ ವಿಕಿಪೀಡಿಯವನ್ನು ನೂರು ನೂರು ಪದಗಳ ಬಿಡಿ ತುಂಡುಗಳಾಗಿ ಕತ್ತರಿಸಿದ್ದರು, ಒಟ್ಟು ಸುಮಾರು 2.1 ಕೋಟಿ.

ಇಷ್ಟಾದರೂ 15ರ ಓವರ್‌ಲ್ಯಾಪ್ ಇಟ್ಟ ಮೇಲೆ ಒಮ್ಮೆ ಮತ್ತೆ 30 ದಿನ ಎಂದೇ ಬಂತು! ಕಾರಣ ಸರಳ, ನನಗೆ ಹೊಳೆಯಲಿಲ್ಲ. ಓವರ್‌ಲ್ಯಾಪ್ ಒಳ್ಳೆಯ ತುಂಡನ್ನು ಸೇರಿಸುತ್ತದೆ, ಕೆಟ್ಟದ್ದನ್ನು ಅಳಿಸುವುದಿಲ್ಲ. ಅರ್ಧ ಪರಂತು ಹೊತ್ತ ಮೊದಲ ತುಂಡು ಇನ್ನೂ ಅಲ್ಲೇ ಇದೆ, ಸ್ಪರ್ಧೆಯಲ್ಲೂ ಇದೆ. ನಾನು ಹುಡುಕಾಟದಲ್ಲಿ ಎಲ್ಲಕ್ಕಿಂತ ಮೇಲೆ ಬಂದ ಒಂದೇ ತುಂಡನ್ನು ಮಾಡೆಲ್‌ಗೆ ಕಳುಹಿಸುತ್ತಿದ್ದೆ. ಮೂರು ಕಳುಹಿಸಿದಾಗ ಸರಿಹೋಯಿತು. ಆದರೆ ಓವರ್‌ಲ್ಯಾಪ್ ಅತಿಯಾದರೆ ಆ ಮೂರೂ ಒಂದೇ ಮಾತಿನ ಮೂರು ಪ್ರತಿಗಳಾಗಿ, ಬೇರೆ ಪ್ರಕರಣಗಳಿಗೆ ಜಾಗವೇ ಉಳಿಯುವುದಿಲ್ಲ.

ಹಾಗಾದರೆ ದೊಡ್ಡ ತುಂಡನ್ನೇ ಮಾಡಬಾರದೇ

ಮಾಡಿ ನೋಡಿದೆ, 600 ಪದ. ಆಗ ಒಂದೇ ತುಂಡಿನಲ್ಲಿ ಶುಲ್ಕ, ಗಡುವು, ವಿನಾಯಿತಿ, ಮೇಲ್ಮನವಿ ಎಲ್ಲವೂ. ಇಡೀ ತುಂಡಿಗೆ ಒಂದೇ ವೆಕ್ಟರ್ ಆದ್ದರಿಂದ ಹದಿನಾಲ್ಕು ಪದಗಳ ಪರಂತು ಅದರಲ್ಲಿ ಸಾಂಬಾರಿಗೆ ಬಿದ್ದ ಒಂದು ಕಾಳು. ಇನ್ನೊಂದು ಗುಟ್ಟಾದ ತೊಂದರೆಯೂ ಇದೆ. ಎಂಬೆಡಿಂಗ್ ಮಾಡೆಲ್‌ಗಳಿಗೆ ಮಿತಿ ಇರುತ್ತದೆ: `multilingual-e5-base`ಗೆ 512 ಟೋಕನ್. ಅದಕ್ಕಿಂತ ಉದ್ದವಾದುದರ ಬಾಲವನ್ನು ಲೈಬ್ರರಿಗಳು ಸಾಮಾನ್ಯವಾಗಿ ಸದ್ದಿಲ್ಲದೆ ಕತ್ತರಿಸುತ್ತವೆ. ಕನ್ನಡದ ಒಂದು ಪದ ಹಲವು ಟೋಕನ್ ಆಗುವುದು ಸಾಮಾನ್ಯ, ಹೀಗಾಗಿ ಇಂಗ್ಲಿಷಿಗೆ ಹೇಳಿದ ಉದ್ದಗಳನ್ನು ಹಾಗೇ ಎತ್ತಿಕೊಳ್ಳಬೇಡಿ. ಅಕ್ಷರಗಳಲ್ಲಿ ಅಳೆಯುವವರಿಗೂ ಇದೇ ಮಾತು: ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದಕ್ಷರ, ಪೈಥಾನ್‌ನ `len` ಹೇಳುವುದು 6.

ಈಗ ತಪ್ಪುತ್ತರ ಬಂದಾಗ ಮೊದಲು ಕೇಳಿಕೊಳ್ಳುವುದು ಇಷ್ಟು: ‘ಜೀವ’ ಮತ್ತು ‘48’ ಎರಡೂ ಇರುವ ತುಂಡು ಒಂದಾದರೂ ಇದೆಯೇ? ಇಲ್ಲದಿದ್ದರೆ ಅದು ಕತ್ತರಿಯ ತಪ್ಪು, ಓವರ್‌ಲ್ಯಾಪ್ ನೋಡಬೇಕು. ಇದ್ದೂ ಮೇಲೆ ಬರದಿದ್ದರೆ ತುಂಡು ದೊಡ್ಡದಾಗಿರಬಹುದು, ಇಲ್ಲವೇ ಕಳುಹಿಸುವ ಸಂಖ್ಯೆ ಕಡಿಮೆ.

ಓವರ್‌ಲ್ಯಾಪ್‌ನಿಂದ ಬಗೆಹರಿಯದ್ದು 8(1)ನೇ ಪ್ರಕರಣ. ‘ಇವನ್ನು ಕೊಡುವ ಬಾಧ್ಯತೆ ಇಲ್ಲ’ ಎಂಬ ಮಾತು ತಲೆಯಲ್ಲಿ ಒಂದೇ ಸಲ ಬರುತ್ತದೆ, ಕೆಳಗೆ ಹತ್ತು ಬಾಬತ್ತುಗಳು. ಆರನೆಯದಾದ ‘ವಿದೇಶಿ ಸರ್ಕಾರದಿಂದ ಗೋಪ್ಯವಾಗಿ ಬಂದ ಮಾಹಿತಿ’ ಎಂಬಲ್ಲಿಗೆ ಬರುವಷ್ಟರಲ್ಲಿ ತಲೆಮಾತು ಹಿಂದೆಲ್ಲೋ ಉಳಿದಿರುತ್ತದೆ, ಅದನ್ನು ಕೊಡಬೇಕೋ ಬೇಡವೋ ಎಂದು ತುಂಡು ಹೇಳುವುದೇ ಇಲ್ಲ. ಅಲ್ಲಿ ಪದ ಎಣಿಸುವುದನ್ನು ಬಿಟ್ಟು, ಬಾಬತ್ತಿಗೊಂದು ತುಂಡು ಮಾಡಿ ಪ್ರತಿಯೊಂದರ ನೆತ್ತಿಗೂ ಆ ತಲೆಮಾತನ್ನು ಅಂಟಿಸಿದ್ದೇನೆ.